ಮೊಣಕಾಲು ಚಿಮ್ಮುತ್ತದೆ, ಹಿಮ್ಮಡಿ ಅಲ್ಲಾಡುವುದಿಲ್ಲ: ಹ್ಯಾಮರ್ ಹಿಡಿದು ದೋಷ ಹುಡುಕುವ ದಾರಿ

ದೂರು ಹೀಗಿತ್ತು. ಕುಷ್ಟಗಿ ಕಡೆಯ ಒಣಬೇಸಾಯದ ಊರಿನವರು, ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷಕ್ಕೂ ಜಾಸ್ತಿ. ಪಾದ ಜೋಮು ಹಿಡಿಯುತ್ತದೆ, ನಡಿಗೆ ಕೆಟ್ಟಿದೆ. ಹಿಂದಿನ ಚೀಟಿಗಳಲ್ಲೆಲ್ಲ "ಸಕ್ಕರೆಯಿಂದ ನರ ದೌರ್ಬಲ್ಯ" ಎಂದು ಬರೆದಿತ್ತು. ಅದು ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ ಅನ್ನುವುದನ್ನು ಹೇಳಿದ್ದು ರಿಫ್ಲೆಕ್ಸ್, ಅಂದರೆ ತಟ್ಟಿದಾಗ ಸ್ನಾಯು ತಾನಾಗೇ ಮಿಡಿಯುವುದನ್ನು, ನೋಡುವ ಹ್ಯಾಮರ್.

ಹಿಮ್ಮಡಿಯ ಹಿಂದೆ ತಟ್ಟಿದರೆ ಎರಡೂ ಪಾದ ಅಲ್ಲಾಡಲಿಲ್ಲ. ಮಂಡಿಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಜೋರಾಗಿ ಚಿಮ್ಮಿತು. ಬರೀ ಸಕ್ಕರೆಯ ನರದೋಷವಾಗಿದ್ದರೆ ಹಿಮ್ಮಡಿ ಸತ್ತ ಕಾಲಿನಲ್ಲಿ ಮೊಣಕಾಲು ಮಾಮೂಲಾಗಿಯೋ ಮಂದವಾಗಿಯೋ ಇರಬೇಕಿತ್ತು. ಇಷ್ಟು ಜೋರಾಗಿ ಚಿಮ್ಮುವುದಕ್ಕೆ ಬೇರೆ ಕಾರಣ ಬೇಕು. ಆ ಕಾರಣ ಎಲ್ಲಿದೆ ಅಂತ ಸ್ಕ್ಯಾನ್‌ಗೆ ಮೊದಲೇ ಹೇಗೆ ಗೊತ್ತು ಮಾಡಿಕೊಳ್ಳಬಹುದು ಅನ್ನುವುದನ್ನು ಹೌಸ್ ಸರ್ಜನ್‌ಗಳಿಗೆ, ಫಿಸಿಯೋಥೆರಪಿ ಓದುವವರಿಗೆ, ಮನೆಯಲ್ಲಿ ಇಂಥ ತೊಂದರೆ ಇರುವವರಿಗೆ ಬರೆಯುತ್ತಿದ್ದೇನೆ.

ತಟ್ಟಿದಾಗ ಒಳಗೆ ನಡೆಯುವುದು

ತುಂಬಾ ಜನ ಇಲ್ಲೇ ತಪ್ಪು ತಿಳಿದಿರುತ್ತಾರೆ. ಹ್ಯಾಮರ್ ಬೀಳುವುದು ಟೆಂಡನ್ ಮೇಲೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿಯ ಮೇಲೆ. ಹಾಗಾಗಿ ಆ ಹುರಿಯೇ ಸುದ್ದಿ ಕಳಿಸುತ್ತದೆ ಅಂದುಕೊಳ್ಳುತ್ತಾರೆ. ನಿಜವಾಗಿ ಆ ಏಟು ಮಾಡುವುದು ಒಂದೇ ಕೆಲಸ, ತೊಡೆಯ ಮುಂದಿನ ಸ್ನಾಯುವನ್ನು ಚೂರೇ ಚೂರು, ಆದರೆ ದಿಢೀರನೆ ಜಗ್ಗುವುದು. ಆ ಜಗ್ಗು ಗೊತ್ತಾಗುವುದು ಸ್ನಾಯುವಿನ ಒಡಲಲ್ಲಿರುವ ಮಸಲ್ ಸ್ಪಿಂಡಲ್‌ಗಳಿಗೆ. ಕೆಲವೇ ಮಿಲಿಮೀಟರ್ ಉದ್ದದ ಕದಿರಿನಾಕಾರದ ಚೀಲ, ಅದರೊಳಗೆ ಬೆರಳೆಣಿಕೆಯ ಸಣ್ಣ ಎಳೆಗಳು. ಇವು ದೊಡ್ಡ ಸ್ನಾಯು ಎಳೆಗಳ ಪಕ್ಕದಲ್ಲೇ, ಅದೇ ದಿಕ್ಕಿನಲ್ಲಿ ಮಲಗಿರುತ್ತವೆ. ಸ್ನಾಯು ಉದ್ದವಾದರೆ ಇವೂ ಉದ್ದವಾಗುತ್ತವೆ. ಎಷ್ಟು ಉದ್ದ ಅನ್ನುವುದರ ಜೊತೆಗೆ ಎಷ್ಟು ಬೇಗ ಉದ್ದವಾಯಿತು ಅನ್ನುವುದನ್ನೂ ಇವು ತಿಳಿಸುತ್ತವೆ.

ಸ್ಪಿಂಡಲ್ ನಡುವೆ ಸುತ್ತಿಕೊಂಡಿರುವ ನರದ ಎಳೆಗೆ ಒನ್-ಎ ಎಂದು ಹೆಸರು. ದೇಹದಲ್ಲೇ ಅತಿ ದಪ್ಪ, ಅತಿ ವೇಗದ ಎಳೆಗಳಲ್ಲಿ ಇದೂ ಒಂದು. ಅದು ಬೆನ್ನುಹುರಿಗೆ ಹೋಗಿ, ಮಧ್ಯೆ ಯಾರನ್ನೂ ಕೇಳದೆ, ಅದೇ ಸ್ನಾಯುವನ್ನು ಆಳುವ ಆಲ್ಫಾ ಮೋಟರ್ ನರಕೋಶಕ್ಕೆ ನೇರವಾಗಿ ಸುದ್ದಿ ಮುಟ್ಟಿಸುತ್ತದೆ. ಆ ಕೋಶ ಸ್ನಾಯುವಿಗೆ "ಬಿಗಿ" ಅನ್ನುತ್ತದೆ. ಜೊತೆಗೇ ಒನ್-ಎ ಎಳೆಯ ಇನ್ನೊಂದು ಕವಲು ಒಂದು ಮಧ್ಯವರ್ತಿ ಕೋಶದ ಮೂಲಕ ಎದುರಿನ ಸ್ನಾಯುವನ್ನು ಸಡಿಲ ಬಿಡಿಸುತ್ತದೆ. ಇಲ್ಲದಿದ್ದರೆ ತೊಡೆಯ ಮುಂದಿನದೂ ಹಿಂದಿನದೂ ಒಂದಕ್ಕೊಂದು ಜಗ್ಗಾಡಿಕೊಂಡು ಕಾಲು ಮೇಲೇಳುತ್ತಲೇ ಇರಲಿಲ್ಲ. ಮೊಣಕಾಲಿನಲ್ಲಿ ಏಟು ಬಿದ್ದು ಸ್ನಾಯು ಬಿಗಿಯಲು ಶುರುವಾಗುವುದಕ್ಕೆ ಸುಮಾರು 20 ಮಿಲಿಸೆಕೆಂಡ್ ಸಾಕು. ಮಿದುಳಿಗೆ ಸುದ್ದಿ ಹೋಗಿ ಬರುವಷ್ಟು ಹೊತ್ತೇ ಅಲ್ಲ ಅದು.

ಈ ದಾರಿಯಲ್ಲಿ ಸ್ಪಿಂಡಲ್, ಒಳಹೋಗುವ ನರ, ಬೆನ್ನುಹುರಿಯ ಆ ಒಂದು ಮಟ್ಟ, ಹೊರಬರುವ ನರ, ಕೊನೆಗೆ ಸ್ನಾಯು ಇವೆ. ಎಲ್ಲಿ ತುಂಡಾದರೂ ರಿಫ್ಲೆಕ್ಸ್ ಮಂದವಾಗುತ್ತದೆ ಅಥವಾ ಹೋಗಿಬಿಡುತ್ತದೆ. ಮಿದುಳಿನಿಂದ ಇಳಿದು ಬರುವ ದಾರಿಗಳು ಈ ಸರ್ಕ್ಯೂಟಿನ ಹೊರಗಿದ್ದುಕೊಂಡೇ ಅದಕ್ಕೆ ಮೂಗುದಾರ ಹಾಕಿರುತ್ತವೆ. ಮೂಗುದಾರ ಕಡಿದರೆ ಕೆಳಗಿನ ಸರ್ಕ್ಯೂಟ್ ಹಾಳಾಗುವುದಿಲ್ಲ, ಅತಿಯಾಗುತ್ತದೆ. ಹಾಗಾಗಿ "ಇಲ್ಲ" ಮತ್ತು "ಜಾಸ್ತಿ" ಎರಡೂ ಒಂದೇ ಕಾಯಿಲೆಯ ಹೆಚ್ಚುಕಡಿಮೆ ಅಲ್ಲ. ಬೇರೆ ಬೇರೆ ಜಾಗದ ದೋಷಗಳು.

"ಇಲ್ಲ" ಅಂತ ಬರೆಯುವ ಮುಂಚೆ

ರಿಫ್ಲೆಕ್ಸ್ ಬರಲಿಲ್ಲ ಅಂದರೆ ಮೊದಲ ಅನುಮಾನ ನಮ್ಮ ಕೈ ಮೇಲೇ ಇರಲಿ. ಸ್ನಾಯು ಸಡಿಲವಾಗಿದೆಯೇ? ರೋಗಿ ಕಾಲನ್ನು ತಾವೇ ಎತ್ತಿ ಹಿಡಿದಿದ್ದರೆ ಏನೂ ಬರುವುದಿಲ್ಲ. ಹೊರರೋಗಿ ವಿಭಾಗದ ಗದ್ದಲದಲ್ಲಿ, ಅಂಗಿ ಬಿಚ್ಚಿಸಿ ನಾಲ್ಕು ಜನರ ಮುಂದೆ ಕೂರಿಸಿ "ಸಡಿಲ ಬಿಡಿ" ಅಂದರೆ ಯಾರು ತಾನೇ ಬಿಡುತ್ತಾರೆ? ಮಳೆ ಬಂತಾ, ತೊಗರಿ ಹೇಗಿದೆ ಅಂತ ಮಾತಿಗೆಳೆದರೆ ತಾನಾಗೇ ಬಿಡುತ್ತಾರೆ. ಹ್ಯಾಮರನ್ನು ಕುತ್ತಬಾರದು. ಹಿಡಿಯ ತುದಿ ಹಿಡಿದು, ತಲೆಯ ಭಾರಕ್ಕೇ ಬೀಳಲು ಬಿಡಬೇಕು. ಇದಕ್ಕೆ ಉದ್ದ ಹಿಡಿಯ, ದುಂಡು ತಲೆಯ ಹ್ಯಾಮರೇ ವಾಸಿ. ಸಣ್ಣ ತ್ರಿಕೋನದ ಹ್ಯಾಮರಿನಲ್ಲಿ ಹಿಮ್ಮಡಿಯ ರಿಫ್ಲೆಕ್ಸ್ ಎಷ್ಟೋ ಸಲ ತಪ್ಪಿಹೋಗುತ್ತದೆ.

ಹಿಮ್ಮಡಿಗೆ ನನಗೆ ಹಿಡಿಸಿದ ರೀತಿ ಇದು. ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿ, ಪಾದ ಹೊರಗೆ ತೂಗಲು ಬಿಡುವುದು. ನಿಲ್ಲಲಾಗದವರನ್ನು ಮಲಗಿಸಿ, ಮಂಡಿ ಮಡಿಸಿ ಹೊರಕ್ಕೆ ವಾಲಿಸಿ, ಪಾದವನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿದು ತಟ್ಟುವುದು. ಒತ್ತಿ ಹಿಡಿಯುವುದು ಬಿಟ್ಟರೆ ಮೀನಖಂಡ ಸೋತು ಬಿದ್ದಿರುತ್ತದೆ, ಏಟಿನ ಜಗ್ಗು ಸ್ಪಿಂಡಲ್ ತನಕ ಹೋಗುವುದೇ ಇಲ್ಲ. ಕಣ್ಣು ಪಾದದ ಮೇಲಷ್ಟೇ ಅಲ್ಲ, ಮೀನಖಂಡದ ಮೇಲೂ ಇರಬೇಕು. ಪಾದ ಅಲ್ಲಾಡದಿದ್ದರೂ ಚರ್ಮದ ಕೆಳಗೆ ಸ್ನಾಯು ಮಿಡಿದರೆ ಅದು "ಇದೆ" ಎಂದೇ ಲೆಕ್ಕ.

ಆಗಲೂ ಬರದಿದ್ದರೆ ಜೆಂಡ್ರಾಸಿಕ್ ತಂತ್ರ. ಹಂಗೆರಿಯ ವೈದ್ಯ ಎರ್ನೋ ಜೆಂಡ್ರಾಸಿಕ್ 1885ರಲ್ಲಿ ಹೇಳಿಕೊಟ್ಟದ್ದು. ಎರಡೂ ಕೈಯ ಬೆರಳು ಕೊಕ್ಕೆ ಮಾಡಿ ಸಿಕ್ಕಿಸಿಕೊಂಡು ಅತ್ತಿತ್ತ ಜಗ್ಗಿ ಅನ್ನಬೇಕು. ಜಗ್ಗಿದ ಕ್ಷಣದಲ್ಲೇ ತಟ್ಟಬೇಕು. ಅದರ ಪರಿಣಾಮ ಕೆಲವು ಕ್ಷಣವಷ್ಟೇ ಇರುತ್ತದೆ. ಮೊದಲೇ ಜಗ್ಗಿಸಿಟ್ಟು ಆಮೇಲೆ ನಿಧಾನವಾಗಿ ಜಾಗ ಹುಡುಕುತ್ತಾ ಕೂತರೆ ಪ್ರಯೋಜನವಿಲ್ಲ. ತೋಳಿನ ರಿಫ್ಲೆಕ್ಸ್ ನೋಡುವಾಗ ಹಲ್ಲು ಕಚ್ಚಿಸಬಹುದು.

ಇಷ್ಟಾದ ಮೇಲೂ ಇವರ ಹಿಮ್ಮಡಿ ಮಾತಾಡಲಿಲ್ಲ. ಆಗ ಚೀಟಿಯಲ್ಲಿ 0 ಎಂದು ಬರೆದೆವು. 0 ಎಂದರೆ ಇಲ್ಲ, 1 ಮಂದ, 2 ಮಾಮೂಲು, 3 ಜೋರು, 4 ಎಂದರೆ ನಿಲ್ಲದೆ ಮತ್ತೆ ಮತ್ತೆ ಮಿಡಿಯುವುದು. ಈ ಅಂಕಿಗಿಂತ ಎಡ-ಬಲದ ವ್ಯತ್ಯಾಸ ಮತ್ತು ಮೇಲೆ-ಕೆಳಗಿನ ವ್ಯತ್ಯಾಸ ದೊಡ್ಡದು. ಎಲ್ಲ ಕಡೆ ಒಂದೇ ಸಮ 3 ಇದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಅದು ಆ ಮನುಷ್ಯನ ಗುಣ ಇರಬಹುದು, ಗಾಬರಿ ಇರಬಹುದು. ವಯಸ್ಸಾದವರಲ್ಲಿ ಹಿಮ್ಮಡಿಯದು ಎರಡೂ ಕಡೆ ಸಿಗದಿರುವುದೂ ಉಂಟು.

ಎರಡು ದೋಷ ಒಂದೇ ಕಾಲಿನಲ್ಲಿ

ಬೆನ್ನುಹುರಿಯ ಮಟ್ಟಗಳನ್ನು ಕುತ್ತಿಗೆಗೆ ಸಿ, ಸೊಂಟಕ್ಕೆ ಎಲ್, ಅದರ ಕೆಳಗೆ ಎಸ್ ಎಂದು ಗುರುತಿಸಿ ಮೇಲಿನಿಂದ ಎಣಿಸುತ್ತಾರೆ. ಹಿಮ್ಮಡಿಯ ಸರ್ಕ್ಯೂಟ್ ಎಸ್1 ಮಟ್ಟದ್ದು, ಮೊಣಕಾಲಿನದು ಎಲ್3-ಎಲ್4. ಸಕ್ಕರೆ ಕಾಯಿಲೆ ಉದ್ದದ ನರಗಳನ್ನು ಮೊದಲು ಕೆಡಿಸುತ್ತದೆ. ಮೀನಖಂಡದಿಂದ ಬರುವ ದಾರಿ ತೊಡೆಯ ದಾರಿಗಿಂತ ಉದ್ದ. ಹಾಗಾಗಿ ಹಿಮ್ಮಡಿ ಎರಡೂ ಕಡೆ ಮೊದಲು ಹೋಗುತ್ತದೆ. ಒಂದೇ ಕಡೆ ಹೋಗಿದ್ದು, ಸೊಂಟದಿಂದ ಕಾಲಿನ ಹಿಂಭಾಗಕ್ಕೆ ನೋವು ಇಳಿಯುತ್ತಿದ್ದರೆ ಡಿಸ್ಕ್ ಒತ್ತಿ ಎಸ್1 ನರದ ಬೇರು ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ. ಇವರಿಗೆ ಎರಡೂ ಕಡೆ ಹೋಗಿತ್ತು, ಸೊಂಟ ನೋವಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು:

"ನೆಲದ ಮ್ಯಾಲೆ ಕಾಲಿಟ್ರ ಹತ್ತಿ ಮ್ಯಾಲೆ ಇಟ್ಟಂಗ ಆಗತೈತ್ರೀ ಸಾಹೇಬ್ರ. ಚಪ್ಪಲಿ ಯಾವಾಗ ಕಳಚಿ ಹೋತು ಅನ್ನೋದ ಗೊತ್ತಾಗಂಗಿಲ್ಲ."

ಇದು ನರದೋಷದ ಮಾತೇ. ಆದರೆ ಪಕ್ಕದಲ್ಲಿದ್ದ ಅವರ ಹೆಂಡತಿ ಸೇರಿಸಿದ್ದು ಬೇರೆ:

"ಅಂಗಿ ಗುಂಡಿ ನಾನ ಹಾಕತೀನ್ರೀ ಈಗ. ರೊಟ್ಟಿ ಮುರಿಯಾಕೂ ಬೆರಳು ಆಡವಲ್ಲವು."

ಸಕ್ಕರೆಯ ಜೋಮು ಸಾಮಾನ್ಯವಾಗಿ ಮೊಣಕಾಲಿನ ಹತ್ತಿರಕ್ಕೆ ಏರುವ ಹೊತ್ತಿಗೆ ಬೆರಳ ತುದಿಗೆ ಬರುತ್ತದೆ. ಇವರ ಜೋಮು ಇನ್ನೂ ಕಣಕಾಲಿನಲ್ಲೇ ಇತ್ತು, ಕೈ ಮಾತ್ರ ಕೆಲಸ ಕಳೆದುಕೊಂಡಿತ್ತು. ಮೊಣಕಾಲು ಎರಡೂ ಕಡೆ 3. ಅಂದರೆ ಮೊಣಕಾಲಿನ ಸರ್ಕ್ಯೂಟ್ ಪೂರ್ತಿ ಇದೆ, ಅದರ ಮೇಲೆಲ್ಲೋ ಮೂಗುದಾರ ಕಡಿದಿದೆ.

ಇಲ್ಲೊಂದು ಮೋಸವಿದೆ, ಅದನ್ನು ಬಿಡಿಸಿ ಹೇಳಬೇಕು. ಮೂಗುದಾರ ಕಡಿದಿದೆಯೇ ಎಂದು ನೋಡಲು ಪಾದವನ್ನು ಫಟ್ಟನೆ ಮೇಲಕ್ಕೆ ಒತ್ತಿ ಹಿಡಿದು ಕ್ಲೋನಸ್ ಬರುತ್ತದೆಯೇ ನೋಡುವುದು ರೂಢಿ. ಪಾದ ಟಕಟಕ ಅಂತ ಬಡಿದುಕೊಂಡರೆ ಕ್ಲೋನಸ್. ಅದು ಬರುವುದು ಹಿಮ್ಮಡಿಯ ಅದೇ ಸರ್ಕ್ಯೂಟಿನಿಂದ. ಇವರಲ್ಲಿ ಆ ಸರ್ಕ್ಯೂಟೇ ತುಂಡಾಗಿದೆ. ಹಾಗಾಗಿ "ಕ್ಲೋನಸ್ ಇಲ್ಲ, ಮೇಲಿನ ದೋಷವೂ ಇಲ್ಲ" ಎನ್ನುವ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಬೇರೆ ದಾರಿಯಿಂದ ಕೇಳಬೇಕು. ಅಂಗಾಲಿನ ಹೊರ ಅಂಚಿನಲ್ಲಿ ಗೀರಿ ಹೆಬ್ಬೆರಳು ನೋಡುವ ಪರೀಕ್ಷೆಯನ್ನು ಬಾಬಿನ್ಸ್ಕಿ 1896ರಲ್ಲಿ ಹೇಳಿದ. ಅದು ಸ್ಪಿಂಡಲ್ ದಾರಿಯದಲ್ಲ, ಚರ್ಮದಿಂದ ಶುರುವಾಗುವುದು. ಇವರ ಹೆಬ್ಬೆರಳು ಎರಡೂ ಕಡೆ ನಿಧಾನವಾಗಿ ಮೇಲಕ್ಕೆದ್ದಿತು. ಅಲ್ಲಿಗೆ ಮೇಲಿನ ದೋಷ ಖಚಿತವಾಯಿತು.

ಬಿಗಿತ ನೋಡುವಾಗ ಟೆಂಡನ್ ಆರ್ಗನ್ ಮಾತು

ಅವರನ್ನು ಮಲಗಿಸಿ ಮೊಣಕಾಲು ನಿಧಾನವಾಗಿ ಮಡಿಸಿದರೆ ಸಲೀಸಾಗಿ ಬಂತು. ವೇಗವಾಗಿ ಮಡಿಸಿದರೆ ಅರ್ಧದಲ್ಲಿ ಗಕ್ಕನೆ ತಡೆಯಿತು, ಒತ್ತಿ ಹಿಡಿದರೆ ಮೆಲ್ಲಗೆ ಬಿಟ್ಟುಕೊಟ್ಟಿತು. ವೇಗಕ್ಕೆ ತಕ್ಕಂತೆ ಬಿಗಿಯುವುದು ಸ್ಪಿಂಡಲ್ ಸರ್ಕ್ಯೂಟ್ ಅತಿಯಾಗಿರುವುದರ ಗುರುತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹಾಗಲ್ಲ, ನಿಧಾನ ಮಾಡಿದರೂ ಬೇಗ ಮಾಡಿದರೂ ಬಿಗಿ ಒಂದೇ ಸಮ. ಆದ್ದರಿಂದ ಬರೀ ನಿಧಾನವಾಗಿ ಮಡಿಸಿ ನೋಡಿ "ಬಿಗಿತ ಇಲ್ಲ" ಅಂತ ಬರೆದರೆ ಸ್ಪಿಂಡಲ್‌ಗೆ ಪ್ರಶ್ನೆಯನ್ನೇ ಕೇಳಿದಂತಾಗಲಿಲ್ಲ.

ಕೊನೆಗೆ ಬಿಟ್ಟುಕೊಡುವುದು ಯಾಕೆ? ಹಳೆಯ ಪಾಠದಲ್ಲಿ ಇದೆಲ್ಲ ಗಾಲ್ಜಿ ಟೆಂಡನ್ ಆರ್ಗನ್ ಕೆಲಸ ಅಂತ ಇತ್ತು. ಇವು ಸ್ನಾಯು ಟೆಂಡನ್‌ಗೆ ಸೇರುವ ಜಾಗದಲ್ಲಿರುತ್ತವೆ. ಸ್ಪಿಂಡಲ್ ಸ್ನಾಯುವಿನ ಪಕ್ಕದಲ್ಲಿದ್ದರೆ, ಇದು ಸ್ನಾಯುವಿನ ಸಾಲಿನಲ್ಲೇ, ಜಗ್ಗುವ ದಾರಿಯ ನಡುವೆ ಇದೆ. ಹಾಗಾಗಿ ಇದು ಅಳೆಯುವುದು ಉದ್ದವನ್ನಲ್ಲ, ಬಲವನ್ನು. ಇದರ ನರಕ್ಕೆ ಒನ್-ಬಿ ಎಂದು ಹೆಸರು. ಅದು ಬೆನ್ನುಹುರಿಯಲ್ಲಿ ಮಧ್ಯವರ್ತಿ ಕೋಶದ ಮೂಲಕ ಅದೇ ಸ್ನಾಯುವಿನ ಮೋಟರ್ ಕೋಶವನ್ನು ತಗ್ಗಿಸುತ್ತದೆ. ಬಲ ಮಿತಿ ಮೀರಿದಾಗ ಮಾತ್ರ ಇದು ಎಚ್ಚರವಾಗುತ್ತದೆ ಅಂತ ಆಗ ನಂಬಿದ್ದರು. ಈಗ ಗೊತ್ತಿರುವುದು ಬೇರೆ. ತನಗೆ ಅಂಟಿದ ಕೆಲವೇ ಎಳೆಗಳು ತಾವಾಗಿ ಬಿಗಿದರೂ ಇದು ಸುದ್ದಿ ಕೊಡುತ್ತದೆ, ಅಂದರೆ ದಿನದ ಕೆಲಸದಲ್ಲೂ ದುಡಿಯುತ್ತಿರುತ್ತದೆ. ಹೊರಗಿನಿಂದ ಸುಮ್ನೆ ಜಗ್ಗಿದರೆ ಮಾತ್ರ ಅಷ್ಟಾಗಿ ಕದಲುವುದಿಲ್ಲ. ಬಿಗಿದ ಮೊಣಕಾಲು ಬಿಟ್ಟುಕೊಡುವುದರಲ್ಲಿ ಸ್ನಾಯುವಿನ ಬೇರೆ ನರ ಎಳೆಗಳ ಪಾಲೂ ಇದೆ. ಹ್ಯಾಮರ್ ಪರೀಕ್ಷೆಯಲ್ಲಂತೂ ಟೆಂಡನ್ ಆರ್ಗನ್ನಿನ ಪಾಲು ಗಣನೆಗೆ ಬಾರದಷ್ಟು. ಆದ್ದರಿಂದ "ಟೆಂಡನ್ ಜರ್ಕ್" ಎಂಬ ಹೆಸರು ನೋಡಿ ದಾರಿ ತಪ್ಪಬೇಡಿ.

ಎಷ್ಟು ಮೇಲೆ? ತೋಳು ಹೇಳುತ್ತದೆ

ಮೂಗುದಾರ ಕಡಿದಿರುವುದು ಎಲ್3ಕ್ಕಿಂತ ಮೇಲೆ ಅನ್ನುವುದು ಮೊಣಕಾಲಿನಿಂದ ಗೊತ್ತಾಯಿತು. ಅಲ್ಲಿಂದ ಮಿದುಳಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದಕ್ಕೇ ತೋಳಿಗೆ ಹೋಗಬೇಕು. ಕಾಲಿನ ದೂರು ಅಂತ ಕಾಲು ಮಾತ್ರ ತಟ್ಟಿ ಕಳಿಸುವುದರಿಂದ ನಷ್ಟವಾಗುವುದು ಇಲ್ಲಿಯೇ.

ಮೊಣಕೈ ಮಡಿಕೆಯಲ್ಲಿ ನನ್ನ ಹೆಬ್ಬೆರಳಿಟ್ಟು ಅದರ ಮೇಲೆ ತಟ್ಟಿದೆ. ಬೈಸೆಪ್ಸ್, ಮಟ್ಟ ಸಿ5-ಸಿ6. ಏನೂ ಬರಲಿಲ್ಲ, ಹಲ್ಲು ಕಚ್ಚಿಸಿದರೂ ಇಲ್ಲ. ಮೊಣಕೈ ಹಿಂದೆ ತಟ್ಟಿದೆ. ಟ್ರೈಸೆಪ್ಸ್, ಮುಖ್ಯವಾಗಿ ಸಿ7. ಜೋರು, 3. ಆಮೇಲೆ ಮುಂಗೈಯನ್ನು ಅವರ ತೊಡೆಯ ಮೇಲೆ ಸಡಿಲವಾಗಿ ಇರಿಸಿ, ಹೆಬ್ಬೆರಳ ಕಡೆಯ ಮೂಳೆಯ ಮೇಲೆ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ತಟ್ಟಿದೆ. ಇಲ್ಲಿ ಮಾಮೂಲಾಗಿ ಬ್ರೇಕಿಯೋರೇಡಿಯಾಲಿಸ್ ಎಂಬ ಸ್ನಾಯು ಬಿಗಿದು ಮೊಣಕೈ ಚೂರು ಮಡಿಯಬೇಕು. ಅದೂ ಸಿ5-ಸಿ6 ಮಟ್ಟದ್ದು. ಮೊಣಕೈ ಅಲ್ಲಾಡಲಿಲ್ಲ. ಬದಲಿಗೆ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಮತ್ತೆ ತಟ್ಟಿದೆ, ಮತ್ತೆ ಬೆರಳೇ. ಎಡಗೈಯಲ್ಲೂ ಹಾಗೇ.

ಮುಂಗೈಯ ಈ ರಿಫ್ಲೆಕ್ಸ್‌ಗೆ ಸುಪಿನೇಟರ್ ಎಂಬ ಹೆಸರೂ ಇದೆ, ಹಾಗಾಗಿ ಇದನ್ನು ತಿರುಗುಮುರುಗಾದ ಸುಪಿನೇಟರ್ ರಿಫ್ಲೆಕ್ಸ್ ಅನ್ನುತ್ತಾರೆ. ಯಾಕೆ ಹೀಗಾಗುತ್ತದೆ ನೋಡಿ. ಮೂಳೆಯ ಮೇಲೆ ಬಿದ್ದ ಏಟಿನ ಕಂಪನ ಬ್ರೇಕಿಯೋರೇಡಿಯಾಲಿಸ್‌ಗೆ ಮಾತ್ರ ಹೋಗುವುದಿಲ್ಲ, ಮುಂಗೈಯಲ್ಲಿರುವ ಬೆರಳು ಮಡಚುವ ಸ್ನಾಯುಗಳಿಗೂ ಹೋಗುತ್ತದೆ. ಅವುಗಳ ಸ್ಪಿಂಡಲ್‌ಗಳೂ ಸುದ್ದಿ ಕಳಿಸುತ್ತವೆ. ಮಾಮೂಲಾಗಿ ಆ ಉತ್ತರ ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. ಇವರಲ್ಲಿ ಸಿ5-ಸಿ6 ಮಟ್ಟದಲ್ಲಿ ಬೆನ್ನುಹುರಿಯೇ ಪೆಟ್ಟು ತಿಂದಿದೆ. ಆ ಮಟ್ಟದ ಸರ್ಕ್ಯೂಟ್ ತುಂಡು, ಮೊಣಕೈ ಸುಮ್ಮನಾಯಿತು. ಅದೇ ಜಾಗದ ಮೂಲಕ ಕೆಳಗಿಳಿಯುವ ಮೂಗುದಾರವೂ ಕಡಿದಿದೆ, ಆದ್ದರಿಂದ ಕೆಳಗಿನ ಸಿ8 ಸರ್ಕ್ಯೂಟ್ ಅತಿಯಾಗಿ ಬೆರಳು ಮಡಚಿಕೊಂಡವು. ಒಂದೇ ಏಟಿನಲ್ಲಿ ದೋಷದ ಜಾಗವೂ ಸಿಕ್ಕಿತು, ಅದರ ಕೆಳಗೆ ಆಗಿರುವ ಪರಿಣಾಮವೂ ಸಿಕ್ಕಿತು. ಹ್ಯಾಮರ್ ಪರೀಕ್ಷೆಯಲ್ಲಿ ಇದರಷ್ಟು ಸ್ಪಷ್ಟವಾಗಿ ಮಾತಾಡುವ ಗುರುತು ನನಗೆ ಬೇರೆ ಗೊತ್ತಿಲ್ಲ.

ಕೊನೆಯದಾಗಿ ಗದ್ದದ ಮೇಲೆ ಬೆರಳಿಟ್ಟು ತಟ್ಟಿ ದವಡೆಯ ರಿಫ್ಲೆಕ್ಸ್ ನೋಡಿದೆವು. ಮಾಮೂಲಾಗಿತ್ತು. ಅದೂ ಜೋರಾಗಿದ್ದರೆ ದೋಷವನ್ನು ಕುತ್ತಿಗೆಗಿಂತ ಮೇಲೆ, ಮಿದುಳಿನಲ್ಲಿ ಹುಡುಕಬೇಕಿತ್ತು.

ಇನ್ನೊಂದು ಅನುಮಾನ ಬಿಡುವಂತಿರಲಿಲ್ಲ. ಹಿಮ್ಮಡಿ ಇಲ್ಲದೆ ಹೆಬ್ಬೆರಳು ಮೇಲಕ್ಕೇಳುವ ಜೋಡಿ ಬಿ12 ಕೊರತೆಯಲ್ಲೂ ಬರುತ್ತದೆ, ಅದು ನರವನ್ನೂ ಬೆನ್ನುಹುರಿಯನ್ನೂ ಒಟ್ಟಿಗೆ ಕೆಡಿಸುತ್ತದೆ. ಇವರು ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರು, ಆ ಮಾತ್ರೆ ಬಿ12 ತಗ್ಗಿಸಬಲ್ಲದು. ಬಿ12 ಕೊರತೆ ಸಿ5-ಸಿ6ನಲ್ಲಿ ಹೀಗೆ ಗೆರೆ ಎಳೆದಂತೆ ಗುರುತು ಬಿಡುವುದಿಲ್ಲ. ಆದರೂ ರಕ್ತ ಕಳಿಸಿದೆವು, ಮಟ್ಟ ಸರಿಯಾಗಿತ್ತು.

ಸಿಕ್ಕಿದ್ದು

ಕುತ್ತಿಗೆ ಸವೆದು ಬೆನ್ನುಹುರಿ ಒತ್ತುವುದು ಎಲ್ಲ ಊರಲ್ಲೂ ಇರುವ ಕಾರಣ, ಅದೇ ಹೆಚ್ಚು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಇನ್ನೊಂದನ್ನೂ ನೆನಪಿಡಬೇಕು, ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರಿನ ಊರುಗಳು ಇಲ್ಲಿವೆ. ಮಕ್ಕಳಾಗಿದ್ದಾಗ ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟೆ ಉಳಿಯುತ್ತದೆ. ಫ್ಲೋರೈಡ್ ತುಂಬಾ ಜಾಸ್ತಿ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಮೂಳೆ ದಪ್ಪವಾಗಿ, ಬೆನ್ನುಮೂಳೆಯ ಕಟ್ಟುಗಳೂ ಮೂಳೆಯಂತೆ ಗಟ್ಟಿಯಾಗಿ ಬೆನ್ನುಹುರಿಯ ಜಾಗ ಇಕ್ಕಟ್ಟಾಗುತ್ತದೆ.

ಇವರ ಹಲ್ಲಿನಲ್ಲೂ ಆ ಕಂದು ಪಟ್ಟೆ ಇತ್ತು. "ಯಜಮಾನ್ರ, ಗದ್ದ ಎದೆಗೆ ತಾಗಿಸ್ರಿ" ಅಂದರೆ ತಾಗಲಿಲ್ಲ. ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿತ್ತು, ಅದು ಫ್ಲೋರೈಡ್‌ನಿಂದ ಬರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ, ಪಕ್ಕಾ ಗುರುತುಗಳಲ್ಲೊಂದು. ಎಂಆರ್‌ಐ ಕಳಿಸುವಾಗ ಚೀಟಿಯಲ್ಲಿ "ಸೊಂಟ" ಎಂದು ಬರೆಯದೆ "ಕುತ್ತಿಗೆ" ಎಂದು ಬರೆಯಲು ಆಧಾರ ಕೊಟ್ಟಿದ್ದು ಮುಂಗೈಯ ಆ ಏಟು. ಒತ್ತು ಅತಿ ಜಾಸ್ತಿ ಕಂಡದ್ದು ನಾಲ್ಕನೇ ಮತ್ತು ಐದನೇ ಕುತ್ತಿಗೆ ಮೂಳೆಗಳ ನಡುವೆ. ಸಿ5-ಸಿ6 ಅಂದಿರಲ್ಲ ಅಂತ ಕೇಳಬಹುದು. ಕುತ್ತಿಗೆಯಲ್ಲಿ ಬೆನ್ನುಹುರಿಯ ಮಟ್ಟ ಅದೇ ಸಂಖ್ಯೆಯ ಮೂಳೆಗಿಂತ ಸುಮಾರು ಒಂದು ಮೆಟ್ಟಿಲು ಮೇಲಿರುತ್ತದೆ. ಲೆಕ್ಕ ಸರಿಯಾಗಿಯೇ ಕೂತಿತು. ನರಗಳ ವೇಗದ ಪರೀಕ್ಷೆಯಲ್ಲಿ ಕಾಲಿನ ಸಕ್ಕರೆ ನರದೋಷವೂ ಕಂಡಿತು.

ನೀರು ಬದಲಿಸಲು ಹೇಳಿದೆವು. ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದ್ದು ಕುಡಿಯಬೇಕು, ಅದರ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು. ಆದರೆ ಈಗಾಗಲೇ ಒತ್ತಿರುವ ಮೂಳೆ ಅದರಿಂದ ಕರಗುವುದಿಲ್ಲ. ಕುತ್ತಿಗೆಯ ಹಿಂದಿನಿಂದ ಜಾಗ ಬಿಡಿಸುವ ಆಪರೇಷನ್ ಆಯಿತು. ಬೆರಳು ಸ್ವಲ್ಪ ಆಡತೊಡಗಿದವು, ರೊಟ್ಟಿ ಮುರಿಯುತ್ತಾರೆ. ಗುಂಡಿ ಇನ್ನೂ ಕಷ್ಟ. ನಡಿಗೆಯ ಬಿಗಿತ ಪೂರ್ತಿ ಹೋಗಿಲ್ಲ, ತುಂಬಾ ದಿನ ಒತ್ತಿಸಿಕೊಂಡ ಬೆನ್ನುಹುರಿಯಲ್ಲಿ ಅದು ಪೂರ್ತಿ ಹೋಗುವುದು ಅಪರೂಪ. ಹಿಮ್ಮಡಿ ಹಾಗೇ 0. ಆಪರೇಷನ್ ಮುಟ್ಟಿದ್ದು ಆ ದೋಷವನ್ನಲ್ಲವಲ್ಲ.

ಇಂಥವರನ್ನು ಮುಂದೆ ನೋಡುವವರು ಒಂದು ಕಡೆ ಹುಷಾರಾಗಿರಬೇಕು. ಮೊಣಕಾಲು 3ರಿಂದ 2ಕ್ಕೆ ಇಳಿದರೆ ಕುತ್ತಿಗೆ ಸುಧಾರಿಸಿತು ಅಂತ ತಕ್ಷಣ ಬರೆಯಬೇಡಿ. ಸಕ್ಕರೆಯ ದೋಷ ಮೀನಖಂಡದಿಂದ ತೊಡೆಯವರೆಗೆ ಏರಿದರೂ ಅಂಕಿ ಹಾಗೇ ಇಳಿಯುತ್ತದೆ. ಹೆಬ್ಬೆರಳು ಇನ್ನೂ ಮೇಲಕ್ಕೇಳುತ್ತಿದೆಯೇ, ವೇಗವಾಗಿ ಮಡಿಸಿದರೆ ಮೊಣಕಾಲು ಇನ್ನೂ ತಡೆಯುತ್ತಿದೆಯೇ, ಜೋಮು ಕಣಕಾಲು ದಾಟಿ ಮೇಲೆ ಬಂದಿದೆಯೇ ನೋಡಿ. ಹಾಗೆಯೇ ಇವರು ಎಂದಾದರೂ ಬಿದ್ದು ಕೈಕಾಲು ಸೋತು ಬಂದರೆ, ಎಲ್ಲ ರಿಫ್ಲೆಕ್ಸೂ ಮಾಯವಾಗಿದ್ದರೂ ಅದನ್ನು ನರದೋಷ ಅನ್ನಬೇಡಿ. ಬೆನ್ನುಹುರಿಗೆ ದಿಢೀರ್ ಪೆಟ್ಟಾದ ಮೊದಲ ದಿನಗಳಲ್ಲಿ ಕೆಳಗಿನ ಸರ್ಕ್ಯೂಟುಗಳು ಸುಮ್ಮನಾಗಿರುತ್ತವೆ, ಜೋರಾಗುವುದು ಆಮೇಲೆ. ಕುತ್ತಿಗೆ ಅಲುಗಾಡದಂತೆ ಕಟ್ಟಿ ಆ ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿ.